ಬೋರ್‌ವೆಲ್ ಕೇಬಲ್‌ನಿಂದ ತಾಮ್ರ ಬಿಡಿಸಲು: ಬ್ಲೇಡೋ, ಕೈ ಯಂತ್ರವೋ, ಮೋಟಾರ್ ಯಂತ್ರವೋ?

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಸಾವಿರ ಅಡಿ ಬೋರು ಈಗ ಯಾರಿಗೂ ಆಶ್ಚರ್ಯವಲ್ಲ. ಅಂಥ ಬೋರು ಬತ್ತಿ ಪಂಪ್ ಮೇಲೆತ್ತಿದಾಗ ಪೈಪಿನ ಜೊತೆ ಸುಮಾರು 300 ಮೀಟರ್ ಚಪ್ಪಟೆ ಕೇಬಲ್ ಕೂಡ ಹೊರಗೆ ಬರುತ್ತದೆ. ಒಂದಷ್ಟು ದಿನ ಅದು ಪಂಪ್‌ಹೌಸ್ ಮೂಲೆಯಲ್ಲಿ ಬಿದ್ದಿರುತ್ತದೆ. ಆಮೇಲೆ ಯಾರೋ ಒಬ್ಬರು ಬದುವಿನ ಮೇಲೆ ಬೆಂಕಿ ಹಾಕಿ ತಾಮ್ರ ತೆಗೆಯುತ್ತಾರೆ, ಇಲ್ಲವೇ ಗುಜರಿಯವರು ಹೇಳಿದ ರೇಟಿಗೆ ಹಾಗೇ ಎತ್ತಿ ಕೊಟ್ಟುಬಿಡುತ್ತಾರೆ. ಬೆಂಕಿ ಹಾಕದೆ ಸುಲಿಯುವುದಕ್ಕೆ ಮೂರು ನಾಲ್ಕು ದಾರಿ ಇವೆ. ಯಾವುದು ಯಾರಿಗೆ ಸರಿ ಅನ್ನುವುದನ್ನು ಈ 300 ಮೀಟರ್ ಕೇಬಲನ್ನೇ ಇಟ್ಟುಕೊಂಡು ನೋಡೋಣ.

ಮೊದಲು ಒಂದು ಮಾತು. ಕೇಬಲ್ ಚೆನ್ನಾಗಿದ್ದರೆ ಸುಲಿಯಲೇಬೇಡಿ. ಇನ್ನೊಂದು ಬೋರಿಗೆ ಹೋಗುವ ಕೇಬಲ್‌ಗೆ ತಾಮ್ರದ ಬೆಲೆಗಿಂತ ಜಾಸ್ತಿ ಸಿಗುತ್ತದೆ. ಸುರುಳಿಯನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿಸಿ, ಎರಡೂ ತುದಿ ಹೊರಗಿರಲಿ. ಒಂದು ರಾತ್ರಿ ಬಿಟ್ಟು, ಸಿಪ್ಪೆಯಲ್ಲಿ ಕರೆಂಟ್ ಸೋರುತ್ತದೆಯೇ ಅಂತ ಅಳೆಯುವ 500 ವೋಲ್ಟ್ ಮೆಗ್ಗರ್ ಇರುವ ಎಲೆಕ್ಟ್ರಿಷಿಯನ್ ಕೈಲಿ ಒಳಗಿನ ತಂತಿಯಿಂದ, ಅಂದರೆ ಕೋರ್‌ನಿಂದ ನೀರಿಗೆ, ಕೋರ್‌ನಿಂದ ಕೋರ್‌ಗೆ ಅಳತೆ ಮಾಡಿಸಿ. ಒಂದು ಮೆಗಾಓಮ್‌ಗಿಂತ ಕೆಳಗೆ ಬಂದರೆ ಎಲ್ಲೋ ಒಳಗೆ ನೀರು ಸೇರಿದೆ ಅಂತ ಅರ್ಥ. ಸಾಮಾನ್ಯವಾಗಿ ಜಾಯಿಂಟ್ ಹತ್ತಿರವೇ ಇರುತ್ತದೆ. ಜಾಯಿಂಟ್ ಕತ್ತರಿಸಿ ಮತ್ತೆ ಅಳತೆ ಮಾಡಿ. ಆಗಲೂ ಸರಿಬರಲಿಲ್ಲ, ಅಥವಾ ಸಿಪ್ಪೆ ಉದ್ದಕ್ಕೂ ಕೇಸಿಂಗ್‌ಗೆ ಉಜ್ಜಿ ಹರಿದಿದೆ ಅಂದರೆ ಮಾತ್ರ ಮುಂದಿನ ಮಾತು.

ಮಾರುವುದು ಕೆಜಿ ಲೆಕ್ಕದಲ್ಲಿ, ಸುಲಿಯುವುದು ಮೀಟರ್ ಲೆಕ್ಕದಲ್ಲಿ

ಯಾವ ಯಂತ್ರ ಅಂತ ಕೇಳುವ ಮೊದಲು ಕೇಬಲ್ ಎಷ್ಟು ದಪ್ಪ ಅಂತ ಕೇಳಬೇಕು. ದುಡ್ಡು ಬರುವುದು ತೂಕಕ್ಕೆ. ಆದರೆ ಬ್ಲೇಡು ಓಡಬೇಕಾದದ್ದು ಉದ್ದಕ್ಕೆ. ಮನೆ ವೈರಿಂಗಿನ 1.5 ಸ್ಕ್ವೇರ್ ಎಂಎಂ ವೈರ್ ಒಂದು ಕೆಜಿ ಅಂದರೆ ಸುಮಾರು 48 ಮೀಟರ್. ಅದೇ 16 ಸ್ಕ್ವೇರ್ ವೈರ್ ಒಂದು ಕೆಜಿಗೆ ಆರು ಮೀಟರ್ ಕೂಡ ಇರುವುದಿಲ್ಲ. ಹಾಗಾಗಿ ಒಬ್ಬರಿಗೆ ಲಾಭ ತಂದ ಯಂತ್ರ ಇನ್ನೊಬ್ಬರಿಗೆ ಸುಮ್ನೆ ಕೈನೋವು ತರುತ್ತದೆ.

ಉದ್ದದಿಂದ ತಾಮ್ರದ ತೂಕ ತಿಳಿಯುವುದು ಸುಲಭ. ಒಂದು ಸ್ಕ್ವೇರ್ ಎಂಎಂ ತಾಮ್ರ ಒಂದು ಮೀಟರಿಗೆ ಹತ್ತಿರ ಹತ್ತಿರ 9 ಗ್ರಾಂ ತೂಗುತ್ತದೆ. ನಮ್ಮದು ಮೂರು ಕೋರಿನ 4 ಸ್ಕ್ವೇರ್ ಕೇಬಲ್ ಅಂದುಕೊಳ್ಳಿ. ಮೂರು ನಾಲ್ಕಲಿ ಹನ್ನೆರಡು. ಮೀಟರಿಗೆ ಸುಮಾರು 107 ಗ್ರಾಂ ತಾಮ್ರ. 300 ಮೀಟರಿಗೆ 32 ಕೆಜಿ. ಕಮ್ಮಿ ಅಲ್ಲ, ಅಲ್ವಾ?

ಆದರೆ ಈ ಕೇಬಲ್‌ಗೆ ಎರಡು ಸಿಪ್ಪೆ. ಪ್ರತಿ ಕೋರಿಗೂ ಒಂದು ಒಳಸಿಪ್ಪೆ, ಮೂರನ್ನೂ ಸೇರಿಸಿ ಹಿಡಿದ ಒಂದು ಮೇಲ್ಸಿಪ್ಪೆ. ಇಡೀ ಕೇಬಲ್ ಮೀಟರಿಗೆ 225 ಗ್ರಾಂ ಆಸುಪಾಸು ಬರುತ್ತದೆ. ಅಂದರೆ ತೂಕದಲ್ಲಿ ತಾಮ್ರ ಅರ್ಧಕ್ಕಿಂತ ಸ್ವಲ್ಪ ಕಮ್ಮಿ. ಕಂಪನಿಯಿಂದ ಕಂಪನಿಗೆ ಸಿಪ್ಪೆಯ ದಪ್ಪ ಬೇರೆ, ಆದ್ದರಿಂದ ನನ್ನ ಅಂಕಿ ನಂಬಿಕೊಂಡು ಕೂರಬೇಡಿ. ಸರಿಯಾಗಿ ಒಂದು ಮೀಟರ್ ಕತ್ತರಿಸಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಸುಲಿದು ತಾಮ್ರವನ್ನು ಮತ್ತೆ ತೂಗಿ. ಈ ಹತ್ತು ನಿಮಿಷದ ಕೆಲಸ ಮಾಡದೆ ಯಾವ ಯಂತ್ರದ ಬೆಲೆಯನ್ನೂ ವಿಚಾರಿಸಬೇಡಿ.

ಆ ಒಂದು ಮೀಟರ್ ತುಂಡು ಇನ್ನೊಂದು ವಿಷಯವನ್ನೂ ಹೇಳುತ್ತದೆ. ಎಳೆಯನ್ನು ಚಾಕುವಿನಿಂದ ಕೆರೆದು ನೋಡಿ. ಕೆಂಪು ಹೋಗಿ ಬಿಳಿ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಬಿಳಿ ಲೇಪ ಕೆರೆದಾಗ ಒಳಗೆ ಕೆಂಪಾಗಿದ್ದರೆ ತವರ ಲೇಪಿಸಿದ ತಾಮ್ರ. ಅದನ್ನು ಬೇರೆ ದರಕ್ಕೆ ಕೊಳ್ಳುತ್ತಾರೆ. ಕಂಬದಿಂದ ಮೀಟರ್‌ಗೆ ಬರುವ ಸರ್ವಿಸ್ ಕೇಬಲ್ ಬಹಳಷ್ಟು ಕಡೆ ಅಲ್ಯೂಮಿನಿಯಂ. ದಪ್ಪ ನೋಡಿ ಆಸೆಪಟ್ಟು ಅದನ್ನು ಸುಲಿಯುತ್ತಾ ಕೂತರೆ ದಿನ ಹಾಳು.

ಸುಲಿಯದೆ ಮಾರುವುದೂ ಒಂದು ಆಯ್ಕೆಯೇ

ಇದನ್ನು ಸೋಲು ಅಂತ ನೋಡಬೇಕಿಲ್ಲ, ಲೆಕ್ಕ ಮಾತ್ರ ನೋಡಿ. ಗುಜರಿ ಅಂಗಡಿಯಲ್ಲಿ ಎರಡು ರೇಟು ಕೇಳಿ: ಸುಲಿದ ತಾಮ್ರಕ್ಕೆ ಎಷ್ಟು, ಇದೇ ಕೇಬಲ್ ಹಾಗೇ ಕೊಟ್ಟರೆ ಎಷ್ಟು. ತಾಮ್ರದ ದರ ದಿನದಿನಕ್ಕೂ ಬದಲಾಗುತ್ತದೆ, ಅದಕ್ಕೆ ಇಲ್ಲಿ ಲೆಕ್ಕಕ್ಕಾಗಿ ಮಾತ್ರ ಕೆಜಿಗೆ 800 ರೂಪಾಯಿ ಅಂದುಕೊಳ್ಳೋಣ. ನಮ್ಮ ಕೇಬಲ್‌ನ ಒಂದು ಕೆಜಿಯಲ್ಲಿ 475 ಗ್ರಾಂ ತಾಮ್ರ ಇದೆ. ಅದರ ಬೆಲೆ 380 ರೂಪಾಯಿ. ಅಂಗಡಿಯವರು ಹಾಗೇ ಕೊಟ್ಟರೆ 330 ಕೊಡುತ್ತೇನೆ ಅಂದರೆ, ಸುಲಿದರೆ ಕೆಜಿಗೆ 50 ರೂಪಾಯಿ ಉಳಿಯುತ್ತದೆ. ಇಡೀ ಸುರುಳಿ 67 ಕೆಜಿ ಚಿಲ್ಲರೆ. ಒಟ್ಟು ಲಾಭ ಸುಮಾರು 3,400 ರೂಪಾಯಿ. ಅವರು 360 ಕೊಡಲು ಒಪ್ಪಿದರೆ ಲಾಭ 1,350ಕ್ಕೆ ಇಳಿಯುತ್ತದೆ. ಅಷ್ಟಕ್ಕೆ ಸುಲಿಯಬೇಕೇ? ನನ್ನನ್ನು ಕೇಳಿದರೆ ಬೇಡ. 300 ಅಂದರೆ ಲಾಭ 5,400, ಆಗ ಖಂಡಿತ ಸುಲಿಯಬೇಕು.

ಬಹಳ ಜನ 32 ಕೆಜಿ ತಾಮ್ರದ ಪೂರ್ತಿ ಬೆಲೆಯನ್ನು, ಅಂದರೆ 25 ಸಾವಿರವನ್ನು, ಸುಲಿದದ್ದಕ್ಕೆ ಸಿಕ್ಕ ದುಡ್ಡು ಅಂದುಕೊಳ್ಳುತ್ತಾರೆ. ಅದು ತಪ್ಪು. ಸುಲಿಯದೆಯೂ 22 ಸಾವಿರ ಬರುತ್ತಿತ್ತು. ಯಂತ್ರ ದುಡಿಯುವುದು ಮಧ್ಯದ ಆ ಮೂರು ಸಾವಿರಕ್ಕೆ.

ರೇಟು ಕೇಳುವಾಗ ಸುಲಿದ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಬೋರ್‌ವೆಲ್ ಕೇಬಲ್ ಒಳಗಿರುವುದು ದಪ್ಪ ತಂತಿಯಲ್ಲ, 0.3 ಮಿಲಿಮೀಟರಿನ ಕೂದಲಿನಂಥ 56 ಎಳೆಗಳು. ಗುಜರಿ ಮಾರ್ಕೆಟ್ಟಿನಲ್ಲಿ ಮೇಲಿನ ದರ್ಜೆ ಸಿಗುವುದು ಹೊಳೆಯುವ ದಪ್ಪ ತಂತಿಗೆ. ಸಣ್ಣ ಎಳೆಗೆ ಒಂದು ಮೆಟ್ಟಿಲು ಕೆಳಗಿನ ದರ. ಬೋರ್ಡಿನ ಮೇಲೆ ಬರೆದ ದರ ನೋಡಿ ಲೆಕ್ಕ ಹಾಕಿಕೊಂಡರೆ ಕೊನೆಗೆ ಜಗಳವಾಗುತ್ತದೆ.

ಹಲಗೆ ಮತ್ತು ಬ್ಲೇಡು

ಎಲೆಕ್ಟ್ರಿಷಿಯನ್ ಬಳಸುವ ಕೈ ಸ್ಟ್ರಿಪ್ಪರ್ ಈ ಕೆಲಸಕ್ಕಲ್ಲ. ಅದು ತುದಿಯ ಒಂದೆರಡು ಸೆಂಟಿಮೀಟರ್ ಬಿಡಿಸುವುದಕ್ಕೆ. ಕೈಯಲ್ಲಿ ಬರೀ ಬ್ಲೇಡು ಹಿಡಿದು, ಕೇಬಲನ್ನು ತೊಡೆ ಮೇಲಿಟ್ಟು ತಮ್ಮ ಕಡೆಗೆ ಎಳೆಯುವವರನ್ನೂ ನೋಡಿದ್ದೇನೆ. ಅದಂತೂ ಆಸ್ಪತ್ರೆ ಖರ್ಚು.

ಬ್ಲೇಡು ಅಲುಗಾಡಬಾರದು, ಕೇಬಲ್ ಓಡಬೇಕು. ಅದಕ್ಕೆ ಒಂದು ಗಟ್ಟಿ ಹಲಗೆ ಸಾಕು. ಹಲಗೆ ಮೇಲೆ ಕೇಬಲ್ ಅಗಲಕ್ಕೆ ಸರಿಯಾಗಿ ಎರಡು ಪಟ್ಟಿ ಹೊಡೆದು ಕಾಲುವೆ ಮಾಡಿ. ನಮ್ಮ ಕೇಬಲ್‌ಗೆ ಸುಮಾರು 16 ಮಿಲಿಮೀಟರ್ ಅಗಲ ಬೇಕಾದೀತು. ಕಾಲುವೆಯ ಮೇಲೆ ಅಡ್ಡಕ್ಕೆ ಒಂದು ಮರದ ತುಂಡು ಸ್ಕ್ರೂ ಮಾಡಿ, ಅದರೊಳಗಿಂದ ಕಟರ್ ಬ್ಲೇಡಿನ ಮೂಲೆ ಒಂದು ಮಿಲಿಮೀಟರ್ ಕೆಳಗೆ ಇಣುಕುವ ಹಾಗೆ ಓರೆಯಾಗಿ ಬಿಗಿಯಿರಿ. ಹಲಗೆಯನ್ನು ಮೇಜಿಗೆ ಕ್ಲಾಂಪ್ ಮಾಡಿ. ಕೇಬಲ್ ತುದಿಯನ್ನು ಒಳಗೆ ತೂರಿಸಿ ಆ ಕಡೆಯಿಂದ ಪ್ಲೈಯರ್‌ನಲ್ಲಿ ಹಿಡಿದು ಎಳೆದರೆ ಮಧ್ಯದ ಕೋರಿನ ನೇರಕ್ಕೆ ಮೇಲ್ಸಿಪ್ಪೆ ಸೀಳಿಕೊಳ್ಳುತ್ತದೆ. ಒಳಸಿಪ್ಪೆಗೆ ಗೀರು ಬಿದ್ದರೆ ಚಿಂತೆಯಿಲ್ಲ, ಅದನ್ನೂ ಬಿಸಾಡುವುದೇ ತಾನೇ. ಸೀಳನ್ನು ಅಗಲಿಸಿ ಮೂರು ಕೋರನ್ನೂ ಹೊರಗೆ ಎಳೆಯಿರಿ. ಈ ಹಂತಕ್ಕೆ ಕೇಬಲನ್ನು ಹತ್ತತ್ತು ಮೀಟರ್ ಮಾಡಿಕೊಂಡರೆ ಅನುಕೂಲ.

ಇಷ್ಟರವರೆಗೆ ಹಲಗೆ ಯಾವ ಯಂತ್ರಕ್ಕೂ ಕಮ್ಮಿಯಿಲ್ಲ. ಚಪ್ಪಟೆ ಕೇಬಲ್‌ಗೆ ಸರಿಯಾದ ಅಗಲದ ಕಂಡಿ ಇಲ್ಲದ ಸಣ್ಣ ಯಂತ್ರಕ್ಕಿಂತ ಹಲಗೆಯೇ ಮೇಲು.

ಕಷ್ಟ ಶುರುವಾಗುವುದು ಕೋರ್‌ಗಳಲ್ಲಿ. 300 ಮೀಟರ್ ಕೇಬಲ್ ಈಗ 900 ಮೀಟರ್ ಕೋರ್ ಆಗಿದೆ. ಒಂದೊಂದೂ ನಾಲ್ಕು ಮಿಲಿಮೀಟರ್ ದಪ್ಪ, ಗುಂಡಗೆ, ಮೆತ್ತಗೆ. ಸಣ್ಣ ಕಾಲುವೆಯ ಇನ್ನೊಂದು ಹಲಗೆ ಮಾಡಿಕೊಂಡು ಎಳೆಯಬಹುದು. ಆದರೆ ಕೋರ್ ಉರುಳುತ್ತದೆ, ಸೀಳು ಬಳ್ಳಿಯ ಹಾಗೆ ಸುತ್ತಿಕೊಂಡು ಹೋಗುತ್ತದೆ. ನಿಮಿಷಕ್ಕೆ ಮೂರು ಮೀಟರ್ ಸಾಗಿತು ಅಂದುಕೊಂಡರೂ ಕೋರ್‌ಗಳಿಗೇ ಐದು ಗಂಟೆ. ಮೇಲ್ಸಿಪ್ಪೆ, ವಿಶ್ರಾಂತಿ, ಬ್ಲೇಡ್ ಬದಲಾಯಿಸುವುದು ಎಲ್ಲ ಸೇರಿ ಇಬ್ಬರಿಗೆ ಒಂದು ಪೂರ್ತಿ ದಿನ. ಮನೆಯವರೇ ಮಾಡಿಕೊಂಡರೆ 3,400 ರೂಪಾಯಿಗೆ ಪರವಾಗಿಲ್ಲ. ಕೂಲಿ ಕೊಟ್ಟು ಮಾಡಿಸಿದರೆ ಕೈಗೆ ಉಳಿಯುವುದು ಅಷ್ಟಕ್ಕಷ್ಟೆ.

ಹಳೇ ಪಿವಿಸಿ ಗಡುಸಾಗಿರುತ್ತದೆ. ಅದನ್ನು ಮೆತ್ತಗಿಡುವ ಎಣ್ಣೆಯಂಥ ಪದಾರ್ಥ ವರ್ಷಗಳಲ್ಲಿ ಹೊರಟುಹೋಗಿರುತ್ತದೆ. ಸುರುಳಿಯನ್ನು ಮಧ್ಯಾಹ್ನದ ಬಿಸಿಲಿಗೆ ಅರ್ಧ ಗಂಟೆ ಹಾಕಿದರೆ ಬ್ಲೇಡು ಸಲೀಸಾಗಿ ಹೋಗುತ್ತದೆ. ಬಿಸಿಲು ಸಾಕು, ಹೀಟ್ ಗನ್, ಬೆಂಕಿ ಬೇಡ.

ಕೈ ತಿರುಗಣೆಯ ಯಂತ್ರ

ಮೇಜಿಗೆ ಬಿಗಿಯುವ ಈ ಸಣ್ಣ ಯಂತ್ರದಲ್ಲಿ ಇರುವುದು ಎರಡೇ ಮುಖ್ಯ ಭಾಗ. ಕೆಳಗೆ ಹಲ್ಲಿರುವ ಒಂದು ರೋಲರ್ ವೈರನ್ನು ಎಳೆದುಕೊಳ್ಳುತ್ತದೆ. ಮೇಲೆ ದುಂಡಗಿನ ಬ್ಲೇಡು ಸಿಪ್ಪೆ ಸೀಳುತ್ತದೆ. ಒಂದು ಸ್ಕ್ರೂ ತಿರುಗಿಸಿ ಇವೆರಡರ ನಡುವಿನ ಅಂತರ ಹೊಂದಿಸಬೇಕು. ಮುಂದೆ ಬೇರೆ ಬೇರೆ ಅಳತೆಯ ತೂತುಗಳಿರುತ್ತವೆ. ವೈರ್ ಹಿಡಿಸುವ ತೂತುಗಳಲ್ಲಿ ಎಲ್ಲಕ್ಕಿಂತ ಚಿಕ್ಕದನ್ನೇ ಆರಿಸಿ. ದೊಡ್ಡ ತೂತಿನಲ್ಲಿ ಹಾಕಿದರೆ ವೈರ್ ಒಳಗೆ ಹೊರಳುತ್ತದೆ.

ಆಳ ಹೊಂದಿಸುವುದೇ ಇಲ್ಲಿನ ಕೈಚಳಕ. ಅರ್ಧ ಮೀಟರ್ ತುಂಡು ಹಾಕಿ ನೋಡಿ. ಸಿಪ್ಪೆ ಪೂರ್ತಿ ತುಂಡಾಗದೆ, ತಳದಲ್ಲಿ ಕಾಗದದಷ್ಟು ತೆಳುವಾಗಿ ಉಳಿದು, ಬೆರಳಲ್ಲಿ ಎಳೆದರೆ ಬಿಚ್ಚಿಕೊಳ್ಳಬೇಕು. ಬ್ಲೇಡು ಆಳಕ್ಕೆ ಹೋದರೆ ದಪ್ಪ ತಂತಿಯಲ್ಲಾದರೆ ಹೊಳೆಯುವ ಗೀರು ಕಾಣುತ್ತದೆ, ಅಷ್ಟೇ. ನಮ್ಮ ಕೇಬಲ್‌ನಲ್ಲಿ ಹಾಗಲ್ಲ. 0.3 ಮಿಲಿಮೀಟರಿನ ಎಳೆಗಳು ತುಂಡಾಗಿ ಸಿಪ್ಪೆಗೆ ಅಂಟಿಕೊಂಡು ಕಸಕ್ಕೆ ಹೋಗುತ್ತವೆ. ಸಿಪ್ಪೆಯನ್ನು ಬಿಸಿಲಿಗೆ ಹಿಡಿದು ನೋಡಿ, ಒಳಗೆ ಕೆಂಪು ಮಿಂಚು ಕಂಡರೆ ಸ್ಕ್ರೂ ಸ್ವಲ್ಪ ಸಡಿಲಿಸಿ. ತಕ್ಕಡಿಯೂ ಹೇಳುತ್ತದೆ: 30 ಮೀಟರ್ ಕೇಬಲ್ ಮುಗಿದಾಗ 3.2 ಕೆಜಿ ಬರಬೇಕು. ಮೂರೇ ಕೆಜಿ ಬಂದಿದ್ದರೆ 200 ಗ್ರಾಂ ನಿಮ್ಮ ಕಸದ ಚೀಲದಲ್ಲಿದೆ.

ಎಷ್ಟು ಹೊತ್ತು? ರೋಲರ್ ಮೂರು ಸೆಂಟಿಮೀಟರ್ ದಪ್ಪ ಇದ್ದರೆ ಒಂದು ಸುತ್ತಿಗೆ ವೈರ್ ಸಾಗುವುದು ಒಂಬತ್ತೂವರೆ ಸೆಂಟಿಮೀಟರ್. 900 ಮೀಟರಿಗೆ ಒಂಬತ್ತೂವರೆ ಸಾವಿರ ಸುತ್ತು! ನಿಮಿಷಕ್ಕೆ 60 ಸುತ್ತಿನಂತೆ ಎರಡೂಮುಕ್ಕಾಲು ಗಂಟೆ ಅಂತ ಕಾಗದದ ಮೇಲೆ ಬರುತ್ತದೆ, ಆದರೆ ಭುಜ ಒಪ್ಪಬೇಕಲ್ಲ. ಹಿಡಿಕೆ ತೆಗೆದು ಡ್ರಿಲ್ ಸಿಕ್ಕಿಸುವ ಮಾದರಿಯನ್ನೇ ನೋಡಿ ತೆಗೆದುಕೊಳ್ಳಿ. ಡ್ರಿಲ್ಲನ್ನು ನಿಧಾನ ವೇಗದಲ್ಲಿ, ನಿಮಿಷಕ್ಕೆ 150 ಸುತ್ತಿನ ಹಾಗೆ ಓಡಿಸಿದರೆ ಅದೇ ಕೆಲಸ ಒಂದು ಗಂಟೆ ಚಿಲ್ಲರೆಗೆ ಮುಗಿಯುತ್ತದೆ. ಜೋರಾಗಿ ಓಡಿಸಿದರೆ ರೋಲರ್ ಜಾರಿ ಸಿಪ್ಪೆಯನ್ನು ಪುಡಿ ಮಾಡುತ್ತದೆ.

ಅಂಗಡಿಯವರು ಹೇಳದ ವಿಷಯ ಇನ್ನೊಂದಿದೆ. ಈ ಯಂತ್ರ ಸೀಳುತ್ತದೆ, ಬಿಡಿಸುವುದಿಲ್ಲ. ಸೀಳಿದ ಕೋರಿನಿಂದ ತಾಮ್ರ ಎಳೆಯುವುದು ನಿಮ್ಮ ಕೆಲಸವೇ. ತಾಮ್ರದ ತುದಿಯನ್ನು ಗೋಡೆಯ ದಪ್ಪ ಮೊಳೆಗೆ ಸುತ್ತಿ, ಸಿಪ್ಪೆ ಹಿಡಿದು ಹಿಂದಕ್ಕೆ ನಡೆದರೆ ಬೇಗ ಬರುತ್ತದೆ. ಆ ಹೊತ್ತನ್ನೂ ಸೇರಿಸಿ ಅರ್ಧ ದಿನ ಅಂತಲೇ ಇಟ್ಟುಕೊಳ್ಳಿ.

ಮೋಟಾರ್ ಯಂತ್ರ ಯಾರಿಗೆ?

ಸಿಂಗಲ್ ಫೇಸಿನಲ್ಲಿ ಓಡುವ ಸಣ್ಣ ಮೋಟಾರ್ ಯಂತ್ರದಲ್ಲೂ ಒಳಗಿರುವುದು ಅದೇ ರೋಲರ್, ಅದೇ ಬ್ಲೇಡು. ತೂತುಗಳು ಜಾಸ್ತಿ, ಚಪ್ಪಟೆ ವೈರಿಗೆ ಬೇರೆ ಕಂಡಿ ಇರುವ ಮಾದರಿಗಳೂ ಇವೆ. ಉದ್ದ ಕೋರನ್ನು ಕತ್ತರಿಸದೆ ಸುರುಳಿಯಿಂದಲೇ ಬಿಡಬಹುದು. ಸುರುಳಿಯನ್ನು ತಿರುಗುವ ಹಳೇ ಸೈಕಲ್ ರಿಮ್ ಮೇಲೆ ಇಟ್ಟುಕೊಂಡರೆ ಗಂಟು ಬೀಳುವುದಿಲ್ಲ. ಉದ್ದ ಕೇಬಲ್‌ಗೆ ಇದು ನಿಜವಾಗಿ ಒಳ್ಳೆಯ ಯಂತ್ರ.

ಆದರೂ ಒಂದು ಬೋರಿನ ಕೇಬಲ್‌ಗೆ ಇದನ್ನು ಕೊಳ್ಳುವುದು ದಡ್ಡತನ. ಕೈ ಯಂತ್ರದ ಹಲವು ಪಟ್ಟು ಬೆಲೆ, ಲಾಭ ಮಾತ್ರ ಅದೇ ಮೂರು ನಾಲ್ಕು ಸಾವಿರ. ಈ ಯಂತ್ರ ಇರಬೇಕಾದ ಜಾಗ ಮೋಟಾರ್ ರಿವೈಂಡಿಂಗ್ ಅಂಗಡಿ. ಸುತ್ತಮುತ್ತಲ ಹಳ್ಳಿಗಳ ಪಂಪ್ ಬರುವುದು ಅಲ್ಲಿಗೇ, ಹಾಳಾದ ಕೇಬಲ್ ಬರುವುದೂ ಅಲ್ಲಿಗೇ. ತಿಂಗಳಿಗೆ ನಾಲ್ಕೈದು ಸುರುಳಿ ಬಂದರೂ ಯಂತ್ರದ ದುಡ್ಡು ಹುಟ್ಟುತ್ತದೆ. ನಿಮ್ಮೂರಿನ ಅಂಗಡಿಯಲ್ಲಿ ಯಂತ್ರ ಇದ್ದರೆ ಕೆಜಿಗೆ ಇಷ್ಟು ಅಂತ ಸುಲಿಗೆ ಕೂಲಿ ಮಾತಾಡಿಕೊಳ್ಳಿ. ತೂಕ ಮಾತ್ರ ಕೇಬಲ್ ಕೊಡುವಾಗ ಒಮ್ಮೆ, ತಾಮ್ರ ತರುವಾಗ ಒಮ್ಮೆ ನೀವೇ ನೋಡಿ.

ಕೊಳ್ಳುವವರು ಹೊಳಪು ಬಣ್ಣ ನೋಡದೆ ಮೂರು ವಿಷಯ ನೋಡಿ. ರಿವರ್ಸ್ ಸ್ವಿಚ್ ಇದೆಯೇ? ಕೈಗೆಟುಕುವ ಜಾಗದಲ್ಲಿ ನಿಲ್ಲಿಸುವ ಸ್ವಿಚ್ ಇದೆಯೇ? ಆ ಬ್ಲೇಡು ನಿಮ್ಮ ಊರಲ್ಲಿ ಬಿಡಿಯಾಗಿ ಸಿಗುತ್ತದೆಯೇ? ಓಡುವ ರೋಲರ್ ಹತ್ತಿರ ಸಡಿಲ ಗ್ಲೌಸ್, ಉದ್ದ ತೋಳಿನ ಅಂಗಿ, ಸೆರಗು ಯಾವುದೂ ಇರಕೂಡದು. ಬ್ಲೇಡ್ ಹಲಗೆಗೆ ದಪ್ಪ ಗ್ಲೌಸ್ ಒಳ್ಳೆಯದು, ಇಲ್ಲಿ ಅದೇ ಗ್ಲೌಸ್ ಬೆರಳನ್ನು ಒಳಗೆಳೆಯುತ್ತದೆ. ಹಳೇ ಪಿವಿಸಿಯಲ್ಲಿ ಸೀಸದ ಸಂಯುಕ್ತ ಬೆರೆಸುತ್ತಿದ್ದರು. ಅದಕ್ಕೇ ಪುಡಿ ಏಳಿಸಬೇಡಿ, ಕೈ ತೊಳೆಯದೆ ಕಾಫಿ ಲೋಟ ಮುಟ್ಟಬೇಡಿ, ಮಕ್ಕಳನ್ನು ಈ ಕೆಲಸಕ್ಕೆ ಕೂರಿಸಬೇಡಿ.

ಬೆಂಕಿಯ ಲೆಕ್ಕ

ಬೆಂಕಿ ಬೇಗ ಆಗುತ್ತದಲ್ಲ ಅಂತ ಕೇಳುವವರಿಗೆ ಉತ್ತರ ಇದು. ಪಿವಿಸಿ ರಾಳದಲ್ಲಿ ತೂಕದ ಅರ್ಧಕ್ಕಿಂತ ಜಾಸ್ತಿ ಕ್ಲೋರಿನ್. ಸುಟ್ಟಾಗ ಅದು ಕಣ್ಣು ಗಂಟಲು ಉರಿಸುವ ಆಮ್ಲದ ಹೊಗೆಯಾಗುತ್ತದೆ, ಜೊತೆಗೆ ಡೈಆಕ್ಸಿನ್ ಅನ್ನುವ ವಿಷ ಹುಟ್ಟುತ್ತದೆ. ಆ ಡೈಆಕ್ಸಿನ್ ಹುಟ್ಟುವುದಕ್ಕೆ ತಾಮ್ರವೇ ವೇಗ ಕೊಡುತ್ತದೆ. ಹಾಗಾಗಿ ಬರೀ ಪ್ಲಾಸ್ಟಿಕ್ ಸುಡುವುದಕ್ಕಿಂತ ತಾಮ್ರದ ವೈರ್ ಸುಡುವುದು ಇನ್ನೂ ಕೆಟ್ಟದ್ದು. ಸೀಸ ಬೂದಿಯಲ್ಲಿ ಉಳಿದು ಅದೇ ಹೊಲದ ಮಣ್ಣಿಗೆ ಸೇರುತ್ತದೆ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ.

ಲಾಭವೂ ಇಲ್ಲ. ಸಣ್ಣ ಎಳೆಗಳು ಬೆಂಕಿಯಲ್ಲಿ ಕಪ್ಪಾಗಿ, ಪೆಡಸಾಗಿ ಮುರಿಯುತ್ತವೆ. ಮೇಲ್ಪದರ ಆಕ್ಸೈಡ್ ಆಗಿ ಉದುರುತ್ತದೆ. ಸುಟ್ಟ ತಾಮ್ರಕ್ಕೆ ಅಂಗಡಿಯಲ್ಲಿ ದರ ಕಡಿತ. ಸುಲಿದ ಸಿಪ್ಪೆಯನ್ನಾದರೆ ಮಣ್ಣು, ಟೇಪು ಸೇರಿಸದೆ ಚೀಲದಲ್ಲಿಟ್ಟರೆ ಪಿವಿಸಿ ಕೊಳ್ಳುವವರು ಅಷ್ಟಿಷ್ಟು ಕೊಡುತ್ತಾರೆ. ನಮ್ಮ ಸುರುಳಿಯಲ್ಲಿ ಅದು 35 ಕೆಜಿ.

ಯಾವುದನ್ನು ಸುಲಿಯಲೇಬಾರದು

ಇಸ್ತ್ರಿಪೆಟ್ಟಿಗೆ ವೈರ್, ಚಾರ್ಜರ್ ವೈರ್, ಟೆಲಿಫೋನ್ ಕೇಬಲ್, ಕಂಪ್ಯೂಟರ್ ಕೇಬಲ್ ಇವೆಲ್ಲ ಈ ಪಟ್ಟಿಗೆ ಸೇರುತ್ತವೆ. ಇಸ್ತ್ರಿಪೆಟ್ಟಿಗೆಯಂಥ ಮೂರು ಕೋರಿನ ಸಣ್ಣ ವೈರಿನಲ್ಲಿ ತೂಕದ ಮೂರನೇ ಒಂದು ಪಾಲು ಮಾತ್ರ ತಾಮ್ರ. ಮೇಲ್ಸಿಪ್ಪೆ, ಮೂರು ಕೋರು ಸೇರಿ ಒಂದು ಮೀಟರಿಗೆ ನಾಲ್ಕು ಮೀಟರ್ ಸುಲಿಯಬೇಕು, ಸಿಗುವುದು 20 ಗ್ರಾಂ. ಟೆಲಿಫೋನ್ ಕೇಬಲ್‌ನ ಅರ್ಧ ಮಿಲಿಮೀಟರ್ ತಂತಿಯಲ್ಲಿ ಮೀಟರಿಗೆ ಎರಡು ಗ್ರಾಂ ಕೂಡ ಇಲ್ಲ.

ಘಾನಾ ದೇಶದ ಅಕ್ರಾ ನಗರದ ಅಗ್ಬೊಗ್ಬ್ಲೋಶಿ ಗುಜರಿ ಮೈದಾನದಲ್ಲಿ ಇದು ಚೆನ್ನಾಗಿ ಗೊತ್ತಾಯಿತು. ವೈರ್ ಸುಡುವುದನ್ನು ತಪ್ಪಿಸಲು 2014ರಲ್ಲಿ ಪ್ಯೂರ್ ಅರ್ಥ್ ಸಂಸ್ಥೆ ಅಲ್ಲಿ ಸುಲಿಯುವ ಯಂತ್ರಗಳನ್ನು ಇಟ್ಟಿತು. ಯಂತ್ರಗಳು ಬಂದ ಮೇಲೂ ಬೆಂಕಿ ನಿಲ್ಲಲಿಲ್ಲ. ದಪ್ಪ ಕೇಬಲ್ ಯಂತ್ರಕ್ಕೆ ಹೋಗುತ್ತದೆ, ಆದರೆ ಸಣ್ಣ ವೈರನ್ನು ಒಂದೊಂದಾಗಿ ತೂರಿಸುತ್ತಾ ಕೂತರೆ ಹೊಟ್ಟೆ ತುಂಬುವುದಿಲ್ಲ.

ಸಣ್ಣ ವೈರಿಗೆ ಬೇಕಾದದ್ದು ಗ್ರ್ಯಾನ್ಯುಲೇಟರ್. ಅದು ಎಲ್ಲವನ್ನೂ ಕಾಳು ಕಾಳಾಗಿ ಕತ್ತರಿಸಿ, ಗಾಳಿ ಅಥವಾ ನೀರಿನಲ್ಲಿ ಬೇರ್ಪಡಿಸುತ್ತದೆ. ತಾಮ್ರ ಪಿವಿಸಿಗಿಂತ ಆರು ಪಟ್ಟು ಭಾರ ಇರುವುದರಿಂದ ಎರಡೂ ತಾವಾಗಿ ಬೇರೆಯಾಗುತ್ತವೆ. ಅದು ಕಾರ್ಖಾನೆಯ ಯಂತ್ರ, ಮನೆಯದಲ್ಲ. ಸಣ್ಣ ವೈರನ್ನು ಚೀಲದಲ್ಲಿ ಕೂಡಿಟ್ಟು, ನೋಂದಣಿ ಇರುವ ಇ-ತ್ಯಾಜ್ಯ ಮರುಬಳಕೆದಾರರಿಗೆ ಹಾಗೇ ಕೊಡಿ. ಗುಜರಿಗೆ ಕೊಡುವುದಾದರೆ ಸುಡುತ್ತೀರಾ ಅಂತ ಮೊದಲೇ ಕೇಳಿ. ದಪ್ಪ ಕೇಬಲ್ ಮಾರಲು ಹೋಗುವಾಗ ಪಂಪ್ ಸೆಟ್ಟಿನ ಹಳೇ ಬಿಲ್ಲೋ ಕೇಬಲ್ ಬಿಲ್ಲೋ ಜೇಬಿನಲ್ಲಿರಲಿ. ಕೇಬಲ್ ಕಳ್ಳತನ ಜಾಸ್ತಿ ಇರುವ ಕಡೆ ಸುಲಿದ ತಾಮ್ರ ಕಂಡರೆ ಅಂಗಡಿಯವರು ಮೊದಲು ಕೇಳುವುದು ಎಲ್ಲಿಂದ ತಂದಿರಿ ಅಂತಲೇ.